ಪ್ರಶಸ್ತಿಯ ಫೋಟೋ ಕೆಳಗೆ ಏನು ಬರೆಯಬೇಕು?

ಬೆಳಗಾವಿಯ ಸಣ್ಣ ಫೌಂಡ್ರಿಯೊಂದಕ್ಕೆ ಗುಣಮಟ್ಟದ ಪ್ರಶಸ್ತಿ ಬಂತು ಅನ್ನಿ. ಫೋಟೋ ಕೆಳಗೆ ‘ನಮ್ಮ ತಂಡಕ್ಕೆ ಧನ್ಯವಾದ’ ಎಂದಷ್ಟೇ ಬರೆದರೆ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಯಾರು ಏನು ಮಾಡಿದರು ಎಂದು ಹೇಳಿ. ಹೀಗೆ: ‘ಮರಳಿನಲ್ಲಿ ತೇವ ಹೆಚ್ಚಾಗಿ ಎರಕದೊಳಗೆ ಗಾಳಿಗುಳ್ಳೆ ಉಳಿಯುತ್ತಿತ್ತು. ಪ್ರತಿ ಪಾಳಿಯಲ್ಲೂ ಮರಳು ಪರೀಕ್ಷಿಸಿದ ಮೋಲ್ಡಿಂಗ್‌ನವರು, ಅಂಚು ಉಜ್ಜಿ ನಯಗೊಳಿಸಿದ ಫೆಟ್ಲಿಂಗ್‌ನವರು, ದೋಷವಿದ್ದ ಒಂದನ್ನೂ ಹೊರಗೆ ಬಿಡದ ತಪಾಸಣೆಯವರು ಗೆದ್ದ ಪ್ರಶಸ್ತಿ ಇದು.’

ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ. ರಾತ್ರಿ ಪಾಳಿಯವರನ್ನೂ ಗುತ್ತಿಗೆ ಕಾರ್ಮಿಕರನ್ನೂ ಮರೆಯಬೇಡಿ. ಸಾಮಾನ್ಯವಾಗಿ ಬಿಟ್ಟುಹೋಗುವವರು ಅವರೇ. ಪ್ರಶಸ್ತಿ ಕೊಟ್ಟ ಸಂಸ್ಥೆ, ವಿಭಾಗ, ವರ್ಷ ಸರಿಯಾಗಿರಲಿ. ಗ್ರಾಹಕ ಕಂಪನಿಯ ಹೆಸರನ್ನೋ ಬಿಡಿಭಾಗದ ಚಿತ್ರವನ್ನೋ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಮಾಲೀಕರ ಮಾತು ಕೊನೆಗೆ ಒಂದು ಸಾಲಿದ್ದರೆ ಸಾಕು.