ಅಡುಗೆಯವರ ಬೆರಳಿನ ಗಾಯ

ಕೊಯ್ಲಿನ ಕಾಲದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬರುವ ಕೂಲಿಕಾರರಿಗೆ ಅವರಲ್ಲೇ ಒಬ್ಬರು ಅಡುಗೆ ಮಾಡುವುದುಂಟು. ಅವರೇ ರಾತ್ರಿ ಅಡಿಕೆ ಸುಲಿಯಲು ಕೂತು, ಕತ್ತಿ ತಾಗಿದ ಬೆರಳು ಕೀವು ಕಟ್ಟಿದರೆ ಸದಸ್ಯರು ಎಚ್ಚರ ವಹಿಸಬೇಕು. ಕೀವಿನಲ್ಲಿರುವ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣು ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ.

ರೊಟ್ಟಿಗೆ ಹಿಟ್ಟು ನಾದಿದ ಮೇಲೆ ಹೆಂಚಿನ ಬಿಸಿ ತಾಗುತ್ತದೆ, ಭಯ ಕಡಿಮೆ. ಚಿತ್ರಾನ್ನವನ್ನಾದರೋ ಬೆಂದ ಮೇಲೆ ಕೈಯಿಂದ ಕಲಸುತ್ತಾರೆ. ಬೆಳಿಗ್ಗೆ 6ಕ್ಕೆ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ 1ಕ್ಕೆ ಉಂಡವರಿಗೆ ಸಂಜೆಯೊಳಗೆ ವಾಂತಿ ಶುರುವಾಗಬಹುದು. ರುಚಿ, ವಾಸನೆಯಿಂದ ತಿಳಿಯದು. ಮತ್ತೆ ಬಿಸಿ ಮಾಡಿದರೆ ಸೂಕ್ಷ್ಮಾಣು ಸಾಯುತ್ತದೆ, ವಿಷ ಉಳಿಯುತ್ತದೆ.

ಆದುದರಿಂದ ಕೀವಾದವರು ಮಾಯುವವರೆಗೆ ಒಲೆಯ ಬಳಿ ಬರಬಾರದು. ಬರೀ ಸಣ್ಣ ಗಾಯವಾದರೆ ಸೋಪಿನಿಂದ 20 ಸೆಕೆಂಡು ಕೈ ತೊಳೆದು, ನೀರಿಳಿಯದ ಪಟ್ಟಿ ಹಾಕಿ, ಮೇಲೆ ಕೈಗವಸು ತೊಡಬೇಕು. ಸೌದೆ, ಮೂಗು, ತಲೆಗೂದಲು ಮುಟ್ಟಿದ ಗವಸನ್ನು ಬದಲಿಸದಿದ್ದರೆ ಅದು ಬರಿಗೈಗಿಂತ ಮೇಲಲ್ಲ. ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು, ಸೌಟಿನಿಂದ ಕಲಸಿದರೆ ಇನ್ನೂ ಒಳ್ಳೆಯದು. ವಾಂತಿಭೇದಿಯಾದವರು ಅದು ನಿಂತ ಮೇಲೂ 48 ಗಂಟೆ ದೂರವಿರಬೇಕು.

ಕೂಲಿ ಮುರಿಯುತ್ತಾರೆಂಬ ಭಯವಿದ್ದರೆ ಯಾರೂ ಗಾಯ ತೋರಿಸುವುದಿಲ್ಲ. ಆ ದಿನಗಳ ಕೂಲಿಯನ್ನು ತೋಟದವರೇ ಕೊಟ್ಟು, ಅಡುಗೆಗೆ ಇನ್ನೊಬ್ಬರನ್ನು ಮೊದಲೇ ಗೊತ್ತುಮಾಡಿರಬೇಕೆಂದು ನಮ್ಮ ಅಭಿಪ್ರಾಯ.