ಹುಡುಕಿದರೂ ಸಿಗದ ಪ್ರಶ್ನೆ

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರ್‌ಗೆ ಹಾಕಿದ್ದೇನೆ. ಕನ್ನಡ ಪದ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಯಾವ ಪಾಠದಿಂದ ಎಷ್ಟು ಅಂಕ ಬಂದಿದೆ ಎಂದು ಮಕ್ಕಳು ಕೇಳಿದರೆ ಮತ್ತೆ ಎಲ್ಲವನ್ನೂ ತಿರುವಬೇಕು. ಏನು ಮಾಡಲಿ?

ಉತ್ತರ: ಮೊದಲು ಒಂದು ಪತ್ರಿಕೆ ತೆರೆದು, ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಸಾಲನ್ನು ಆರಿಸಲೇ ಆಗದಿದ್ದರೆ ಅದು ಬರೀ ಚಿತ್ರ. `PÀ£ÀßqÀ` ಎಂಬಂಥ ಅಕ್ಷರ ಬಂದರೆ, ಯಾರೋ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ್ದಾರೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಎರಡಕ್ಕೂ ಮದ್ದು ಒಂದೇ, ಉಚಿತವಾಗಿ ಸಿಗುವ `OCRmyPDF`. ಅದರ ಜೊತೆಗೆ ಟೆಸರಾಕ್ಟ್‌ನ ಕನ್ನಡ ಭಾಷಾ ಕಡತವನ್ನೂ ಹಾಕಿಕೊಳ್ಳಿ.

```
ocrmypdf -l kan+eng --deskew --force-ocr phy-2019-03.pdf phy-2019-03-s.pdf
```

ಸ್ಕ್ಯಾನ್ 300 ಡಿಪಿಐ ಇದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಆದರೂ ಒತ್ತಕ್ಷರಗಳು ತಪ್ಪುತ್ತವೆ, ಸಮೀಕರಣಗಳು ಕಲಸಿಹೋಗುತ್ತವೆ. ಹಾಗಾಗಿ ಪೂರ್ತಿ 'ವೀಟ್‌ಸ್ಟನ್ ಸೇತುವೆ' ಎನ್ನುವ ಬದಲು 'ಸೇತು' ಎಂಬಷ್ಟನ್ನೇ ಹಾಕಿ ಹುಡುಕಿ.

ಇಷ್ಟಾದರೂ ಮಕ್ಕಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ವೀಟ್‌ಸ್ಟನ್ ಸೇತುವೆಯ ಸಮತೋಲನ ಷರತ್ತನ್ನು ಸಾಧಿಸಿ ಎಂದು ಕೇಳುವ ಪ್ರಶ್ನೆಯಲ್ಲಿ ಪಾಠದ ಹೆಸರೇ ಇರುವುದಿಲ್ಲ. ಅದನ್ನು ನೀವೇ ಬರೆಯಬೇಕು, ಅದಕ್ಕೇ ಸ್ಪ್ರೆಡ್‌ಶೀಟ್. A ಕಾಲಂನಲ್ಲಿ `phy-2019-03` ಎಂಬಂತೆ ಕಡತದ ಹೆಸರು, ಮುಂದೆ ಕ್ರಮವಾಗಿ ಪ್ರಶ್ನೆಯ ಸಂಖ್ಯೆ, ನಾಲ್ಕು ಪದದ ಸಾರ, ಪಾಠ, ಅಂಕ. ಕಡತದ ಹೆಸರಿಗೆ `phy` ಸೇರಿಸಿದ್ದಕ್ಕೆ ಕಾರಣವಿದೆ: ಬರೀ `2019-03` ಎಂದು ಬರೆದರೆ ಶೀಟ್ ಅದನ್ನು ದಿನಾಂಕವಾಗಿ ಬದಲಿಸುತ್ತದೆ.

ಒಂದು ಸಾಲಿಗೆ ಒಂದು ಉಪಪ್ರಶ್ನೆ ಇರಲಿ. 5 ಅಂಕದ ಪ್ರಶ್ನೆಯಲ್ಲಿ ಸೇತುವೆಯ ಸಾಧನೆಗೆ 3, ಕಾಂತಕ್ಷೇತ್ರದ ಲೆಕ್ಕಕ್ಕೆ 2 ಇದ್ದರೆ ಅದು ಎರಡು ಸಾಲು. ಇಲ್ಲದಿದ್ದರೆ ಐದೂ ಅಂಕ ಒಂದೇ ಪಾಠಕ್ಕೆ ಹೋಗುತ್ತವೆ. ಅಂಕದ ಕಾಲಂನಲ್ಲಿ '3 ಅಂಕ' ಎಂದು ಬರೆಯಬೇಡಿ, ಅದು ಪಠ್ಯವಾಗಿ ಕೂಡುವಿಕೆಯಿಂದ ಹೊರಗುಳಿಯುತ್ತದೆ. ಪಾಠದ ಹೆಸರನ್ನಂತೂ ಪ್ರತಿ ಸಲ ಟೈಪ್ ಮಾಡಲೇಬೇಡಿ. 'ಪ್ರವಾಹ ವಿದ್ಯುತ್' ಮತ್ತು 'ವಿದ್ಯುತ್ ಪ್ರವಾಹ' ಶೀಟಿನ ಲೆಕ್ಕದಲ್ಲಿ ಬೇರೆ ಬೇರೆ. ಡೇಟಾ ವ್ಯಾಲಿಡೇಶನ್‌ನಲ್ಲಿ ಪಾಠಗಳ ಪಟ್ಟಿ ಕೊಟ್ಟು ಅದರಿಂದಲೇ ಆರಿಸಿ. ಆಗ ಉತ್ತರ ಒಂದು ಸೂತ್ರದಷ್ಟು ದೂರ:

```
=SUMIFS(E:E,D:D,"ಪ್ರವಾಹ ವಿದ್ಯುತ್")
=SUMIFS(E:E,A:A,"phy-2019-03")
```

ಎರಡನೆಯದು ತಪಾಸಣೆಗೆ. ಪತ್ರಿಕೆ 70 ಅಂಕದ್ದಾದರೂ 'ಯಾವುದಾದರೂ ಐದು' ಎಂಬ ಆಯ್ಕೆಗಳಿರುವುದರಿಂದ ಎಲ್ಲ ಪ್ರಶ್ನೆಗಳ ಮೊತ್ತ ಅದಕ್ಕಿಂತ ಹೆಚ್ಚೇ ಬರಬೇಕು. 70ಕ್ಕಿಂತ ಕಡಿಮೆ ಬಂದರೆ ಯಾವುದೋ ಸಾಲು ಬಿಟ್ಟುಹೋಗಿದೆ. ಇದೇ ಕಾರಣಕ್ಕೆ ಪಾಠವಾರು ಮೊತ್ತವನ್ನು 'ಕೇಳಿದ ಅಂಕ' ಎಂದೇ ಮಕ್ಕಳಿಗೆ ಹೇಳಿ. ಅಷ್ಟನ್ನೂ ಒಬ್ಬ ವಿದ್ಯಾರ್ಥಿ ಬರೆಯಬೇಕಿರುವುದಿಲ್ಲ.

ಸಂವಹನ ವ್ಯವಸ್ಥೆಯಂಥ, ಈಗ ಎನ್‌ಸಿಇಆರ್‌ಟಿ ಪಠ್ಯದಿಂದ ಕೈಬಿಟ್ಟ ಪಾಠಗಳ ಸಾಲುಗಳನ್ನು ಅಳಿಸಬೇಡಿ. 'ಈಗ ಇಲ್ಲ' ಎಂದು ಆರನೆಯ ಕಾಲಂನಲ್ಲಿ ಗುರುತಿಸಿದರೆ ಫಿಲ್ಟರ್ ಮಾಡಿ ಮರೆಮಾಡಬಹುದು, ತಪಾಸಣೆಯ ಮೊತ್ತವೂ ಕೆಡುವುದಿಲ್ಲ.