ಮನೋವೈದ್ಯರನ್ನು ಕಾಣೆಂದು ಗೆಳೆಯನಿಗೆ ಬರೆಯುವ ಪತ್ರ

ಮಿರಜ ತಾಲೂಕಿನ ಲಿಂಗನೂರಿನಂಥ ಗಡಿಭಾಗದ ಹಳ್ಳಿಯಲ್ಲಿ, ಮನಸ್ಸಿನ ಬೇನೆಗಿಂತ ಊರವರ ಮಾತಿಗೇ ಹೆಚ್ಚು ಅಂಜಿ ಮೌನವಾಗಿರುವ ದ್ರಾಕ್ಷಿ ಬೆಳೆಗಾರ ಗೆಳೆಯನೊಬ್ಬನಿದ್ದರೆ, ಅವನಿಗೆ ಪತ್ರ ಬರೆಯುವುದು ಉಚಿತ. ಏಕೆಂದರೆ ಪತ್ರವನ್ನು ಅವನು ಏಕಾಂತದಲ್ಲಿ ಓದಬಹುದು, ಒಡನೆಯೇ ಉತ್ತರ ಕೊಡಬೇಕಾದ ಸಂಕಟವೂ ಅವನಿಗಿರದು.

1. ಕಂಡುದನ್ನಷ್ಟೇ ಬರೆಯಿರಿ

ರೋಗದ ಹೆಸರನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಆದುದರಿಂದ ‘ನಿನಗೆ ಖಿನ್ನತೆ’ ಎಂದು ಬರೆಯದೆ, ನಿಮ್ಮ ಕಣ್ಣಿಗೆ ಬಿದ್ದ ಬದಲಾವಣೆಗಳನ್ನು ತಿಳಿಸಿರಿ.

“ಗೆಳೆಯಾ, ಈ ಸಲ ಅಕ್ಟೋಬರ್ ಚಾಟ್ನಿಗೆ ನೀನು ತೋಟಕ್ಕೆ ಇಳಿಯಲಿಲ್ಲ. ನಸುಕಿನ ಮೂರು ಗಂಟೆಗೂ ನಿಮ್ಮ ಪಡಸಾಲೆಯಲ್ಲಿ ದೀಪವಿರುತ್ತದೆ. ತಾಟಿನಲ್ಲಿಯ ರೊಟ್ಟಿ ಹಾಗೆಯೇ ಉಳಿಯುತ್ತದೆ.”

2. ದೋಷವನ್ನು ಹೊರಿಸಬೇಡಿರಿ

‘ಧೈರ್ಯ ತಂದುಕೊ’, ‘ಹೆಂಡತಿಮಕ್ಕಳ ಮುಖವನ್ನಾದರೂ ನೋಡು’ ಎಂಬ ಮಾತುಗಳು ಸದುದ್ದೇಶದಿಂದ ಬಂದರೂ, ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುವವನಿಗೆ ಆರೋಪವಾಗಿಯೇ ಕೇಳಿಸುತ್ತವೆ.

“ಇದು ನಿನ್ನ ಸೋಮಾರಿತನವೆಂದು ನಾನು ತಿಳಿದಿಲ್ಲ. ನಿದ್ದೆಯೂ ಹಸಿವೂ ಇಷ್ಟು ದಿನ ತಪ್ಪಿದರೆ ವೈದ್ಯರಿಗೆ ತೋರಿಸಬೇಕಾದುದೇ.”

3. ಒಂದೇ ಭೇಟಿಯನ್ನು ಕೇಳಿರಿ

ದೀರ್ಘ ಚಿಕಿತ್ಸೆಗೆ ಈಗಲೇ ಒಪ್ಪಿಸಲು ಹೋಗದೆ, ಮಿರಜದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗಾಗಲಿ, ಅವನು ನಂಬುವ ಬೇರೆ ವೈದ್ಯರಲ್ಲಿಗಾಗಲಿ ಒಮ್ಮೆ ಬರುವಂತೆ ಕೇಳಿರಿ. ಮರಾಠಿಯ ಅಳುಕಿದ್ದರೆ ದುಭಾಷಿಯಾಗಿ ನೀವೇ ಜೊತೆಗಿರುವುದಾಗಿ ತಿಳಿಸಿರಿ.

“ಸೋಮವಾರ ಇಬ್ಬರೂ ಮಿರಜಕ್ಕೆ ಹೋಗೋಣ. ಒಳಗೆ ಬಾ ಎಂದರೆ ಬರುತ್ತೇನೆ, ಬೇಡವೆಂದರೆ ಹೊರಗೆ ಕೂರುತ್ತೇನೆ. ನಿರ್ಧಾರ ನಿನ್ನದೇ.”

4. ಭಯಕ್ಕೆ ಸಮಾಧಾನ ಹೇಳಿರಿ

ಮೊದಲ ಭೇಟಿಯಲ್ಲಿ ವೈದ್ಯರು ನಿದ್ರೆ, ಆಹಾರ, ಕೆಲಸ, ಹಿಂದಿನ ಕಾಯಿಲೆಗಳನ್ನು ವಿಚಾರಿಸುತ್ತಾರೆ. ಥೈರಾಯ್ಡ್ ದೋಷದಿಂದಲೂ ಮನಸ್ಸು ಕುಗ್ಗಬಹುದಾದುದರಿಂದ ರಕ್ತಪರೀಕ್ಷೆಯನ್ನೂ ಹೇಳಬಹುದು. ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೇ ವಿಧಿಸಿದೆ. ಖಿನ್ನತೆಯ ಗುಳಿಗೆಗಳ ಗುಣ ಕಾಣಿಸಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕಾಗುವುದರಿಂದ, ನಡುವೆ ತಾನಾಗಿಯೇ ಅವನ್ನು ಬಿಡಬಾರದೆಂಬುದನ್ನು ಭೇಟಿಯ ಅನಂತರ ನೆನಪಿಸಿದರೆ ಸಾಕು.

5. ಒಲ್ಲೆನೆಂದರೆ

ಒತ್ತಾಯಿಸದೆ, ಎಂದಿನಂತೆ ಬಂದುಹೋಗುತ್ತ, ಕೆಲವು ದಿನಗಳ ತರುವಾಯ ಮತ್ತೆ ಕೇಳಿರಿ. ಮುಖಾಮುಖಿ ಮಾತಿಗೆ ಅಳುಕುವವನು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

6. ಪತ್ರಕ್ಕೆ ಕಾಯಬಾರದ ಸಂದರ್ಭ

ಬದುಕಿದ್ದು ಫಲವಿಲ್ಲವೆಂದೋ, ತಾನಿಲ್ಲದಿದ್ದರೆ ಮನೆಯವರಿಗೆ ಹಗುರವೆಂದೋ ಅವನು ನುಡಿದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ, ತೋಟಕ್ಕೆ ಹೊಡೆಯುವ ಔಷಧಿಗಳನ್ನೆಲ್ಲ ಬೇರೆಯವರ ಮನೆಯಲ್ಲಿ ಬೀಗದೊಳಗಿರಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿರಿ.